ಎದೆನೋವಿಗೆ ಮೂರು ವರ್ಷ ಮೊದಲು



ನಾನು ಈ ಹೊತ್ತು ಮಾತಾಡಲು ಹೊರಟ ವಿಷಯವನ್ನು ನಮ್ಮ ಗಂಡಸರು ಹೆಂಡತಿಯ ಹತ್ತಿರ ಬಾಯಿ ಬಿಟ್ಟು ಹೇಳುವುದಿಲ್ಲ, ವೈದ್ಯರ ಹತ್ತಿರವೂ ಹೇಳುವುದಿಲ್ಲ. ಹೇಳಿದರೆ ಬಸ್ ಸ್ಟ್ಯಾಂಡಿನ ಗೋಡೆಯ ಮೇಲೆ ಬರೆದಿರುವ ಯಾವುದೋ ಫೋನ್ ನಂಬರಿಗೆ ಹೇಳುತ್ತಾರೆ. ಅಲ್ಲಿ ಅದನ್ನು ನರದೌರ್ಬಲ್ಯ ಅಂದುಬಿಡುತ್ತಾರೆ, ಒಂದು ಡಬ್ಬಿ ಲೇಹ್ಯ ಕೊಟ್ಟು ಸಾವಿರಾರು ರೂಪಾಯಿ ತೆಗೆದುಕೊಳ್ಳುತ್ತಾರೆ. ಬಿ.ಪಿ. ನೋಡುವುದಿಲ್ಲ, ರಕ್ತ ಪರೀಕ್ಷೆ ಮಾಡಿಸುವುದಿಲ್ಲ. ನನಗೆ ಸಂಕಟವಾಗುವುದು ಕಳೆದ ಹಣಕ್ಕಲ್ಲ, ಕಳೆದ ಕಾಲಕ್ಕೆ. ಆ ಕಾಲದಲ್ಲಿ ಒಂದು ಹೃದಯಾಘಾತವನ್ನು ತಡೆಯಬಹುದಿತ್ತು.

ವಿಷಯವನ್ನು ನೇರವಾಗಿಯೇ ಹೇಳುತ್ತೇನೆ. ಗಂಡ ಹೆಂಡತಿ ಕೂಡುವ ಹೊತ್ತಿನಲ್ಲಿ ಶಿಶ್ನ ಸಾಕಷ್ಟು ನಿಮಿರುವುದಿಲ್ಲ, ಅಥವಾ ನಿಮಿರಿದರೂ ನಿಲ್ಲುವುದಿಲ್ಲ. ಒಂದು ದಿನ ದಣಿವಿನಿಂದ ಹೀಗಾದರೆ ಅದಕ್ಕೆ ತಲೆ ಕೆಡಿಸಿಕೊಳ್ಳಬೇಕಾಗಿಲ್ಲ. ಮೂರು ತಿಂಗಳಿಗೂ ಮೀರಿ ಹೀಗೇ ನಡೆದರೆ ವೈದ್ಯಶಾಸ್ತ್ರ ಅದನ್ನು ನಿಮಿರು ತೊಂದರೆ ಎಂದು ಪರಿಗಣಿಸುತ್ತದೆ. ನಲವತ್ತರ ಆಸುಪಾಸಿನ ಗಂಡಸಿನಲ್ಲಿ ಇದು ನಿಧಾನವಾಗಿ ಶುರುವಾಗಿ ಹೆಚ್ಚುತ್ತಾ ಹೋದರೆ, ಮೊದಲು ಅನುಮಾನಿಸಬೇಕಾದ್ದು ರಕ್ತನಾಳಗಳನ್ನು. ಆ ಅನುಮಾನ ಸೀದಾ ಹೃದಯದವರೆಗೆ ಹೋಗುತ್ತದೆ.

ಏಕೆ ಎಂದು ತಿಳಿಯಲು ನಿಮಿರುವುದು ಹೇಗೆ ಎಂಬುದನ್ನು ಸ್ವಲ್ಪ ನೋಡಬೇಕು. ಶಿಶ್ನದ ಒಳಗೆ ಸ್ಪಂಜಿನ ಹಾಗಿರುವ ಎರಡು ಉದ್ದನೆಯ ಕೊಳವೆಗಳಿವೆ. ಮನಸ್ಸಿನಲ್ಲಿ ಆಸೆ ಹುಟ್ಟಿದಾಗ ನರಗಳ ಮೂಲಕ ಅಲ್ಲಿಗೆ ಸುದ್ದಿ ಹೋಗುತ್ತದೆ. ಆಗ ನರದ ತುದಿಗಳೂ ರಕ್ತನಾಳದ ಒಳಪದರವೂ ನೈಟ್ರಿಕ್ ಆಕ್ಸೈಡ್ ಎಂಬ ಅನಿಲವನ್ನು ಬಿಡುತ್ತವೆ. ಅದು ತಗುಲಿದ ಕೂಡಲೇ ನಾಳದ ಗೋಡೆಯ ಸ್ನಾಯು ಸಡಿಲವಾಗಿ ನಾಳ ಅಗಲವಾಗುತ್ತದೆ, ರಕ್ತ ನುಗ್ಗುತ್ತದೆ. ತುಂಬಿಕೊಂಡ ರಕ್ತದ ಒತ್ತಡಕ್ಕೆ ಹೊರಗೆ ಹೋಗುವ ದಾರಿಗಳು ತಾವಾಗಿಯೇ ಮುಚ್ಚಿಕೊಳ್ಳುತ್ತವೆ. ಒಟ್ಟಿನಲ್ಲಿ ಇದು ರಕ್ತ ಹರಿಯುವ ಕೆಲಸ. ನಾಳದ ಒಳಪದರ ಚೆನ್ನಾಗಿದ್ದರೆ ಕೆಲಸ ಸರಾಗ, ಅದು ಹಾಳಾದರೆ ಆಸೆ ಎಷ್ಟೇ ಇದ್ದರೂ ರಕ್ತ ಬರುವುದಿಲ್ಲ.

ಈ ಒಳಪದರ ಶಿಶ್ನಕ್ಕೆ ಬೇರೆ, ಹೃದಯಕ್ಕೆ ಬೇರೆ ಎಂದಿಲ್ಲ. ಮೈಯ ಎಲ್ಲಾ ರಕ್ತನಾಳಗಳ ಒಳಗೂ ಅದೇ ತೆಳು ಪದರ ಹಾಸಿಕೊಂಡಿದೆ. ನಾಳವನ್ನು ಅಗಲಿಸುವ ಆ ಅನಿಲವೂ ಎಲ್ಲ ಕಡೆ ಒಂದೇ. ಹೃದಯ ಮತ್ತು ರಕ್ತನಾಳಗಳಲ್ಲಿ ಅದು ಸುದ್ದಿ ಸಾಗಿಸುವ ಬಗೆಯನ್ನು ತೋರಿಸಿಕೊಟ್ಟದ್ದಕ್ಕೆ ಫರ್ಚ್‌ಗಾಟ್, ಇಗ್ನಾರೊ, ಮುರಾದ್ ಎಂಬ ಮೂವರು ವಿಜ್ಞಾನಿಗಳಿಗೆ 1998ರಲ್ಲಿ ನೊಬೆಲ್ ಬಂತು. ಅದೇ ವರ್ಷ ಅಮೆರಿಕದಲ್ಲಿ ಸಿಲ್ಡೆನಾಫಿಲ್ ಮಾತ್ರೆಗೆ ಒಪ್ಪಿಗೆ ಸಿಕ್ಕಿತು. ವಯಾಗ್ರ ಎಂಬ ಹೆಸರಿನಲ್ಲಿ ನೀವೆಲ್ಲ ಕೇಳಿರುವ ಮಾತ್ರೆ ಅದೇ. ಅದನ್ನು ಮೊದಲು ಪ್ರಯೋಗಿಸಿ ನೋಡಿದ್ದು ಎದೆನೋವಿಗೆ ಎಂಬುದು ಬಹಳ ಜನಕ್ಕೆ ಗೊತ್ತಿಲ್ಲ. ಹೃದಯದ ನಾಳವನ್ನು ಅಗಲಿಸಲು ಹೊರಟ ಔಷಧಿ ಇನ್ನೊಂದು ಕಡೆ ಹೆಚ್ಚು ಕೆಲಸ ಮಾಡಿತು. ಎರಡೂ ಕಡೆಯ ನಾಳಗಳ ಸಂಬಂಧಕ್ಕೆ ಇದಕ್ಕಿಂತ ಬೇರೆ ಉದಾಹರಣೆ ಬೇಕಿಲ್ಲ.

ಹಾಗಾದರೆ ತೊಂದರೆ ಮೊದಲು ಅಲ್ಲೇ ಏಕೆ ಕಾಣುತ್ತದೆ? ಅಳತೆಯಿಂದಾಗಿ. ಶಿಶ್ನಕ್ಕೆ ರಕ್ತ ಒಯ್ಯುವ ನಾಳದ ಅಗಲ ಒಂದರಿಂದ ಎರಡು ಮಿಲಿಮೀಟರ್. ಹೃದಯದ ಸ್ನಾಯುವಿಗೆ ರಕ್ತ ಕೊಡುವ ನಾಳ ಮೂರರಿಂದ ನಾಲ್ಕು ಮಿಲಿಮೀಟರ್. ತೋಟಕ್ಕೆ ಡ್ರಿಪ್ ಹಾಕಿಸಿದವರಿಗೆ ಇದು ಗೊತ್ತು: ಗಡಸು ನೀರಿನ ಉಪ್ಪು ಎಲ್ಲ ಪೈಪಿನಲ್ಲೂ ಕಟ್ಟುತ್ತದೆ, ಆದರೆ ಮೊದಲು ನೀರು ನಿಲ್ಲುವುದು ಗಿಡದ ಬುಡದ ಸಣ್ಣ ಕೊಳವೆಯಲ್ಲಿ. ನಾಳಗಳಲ್ಲಿ ಕೊಬ್ಬು ಕಟ್ಟಿ ಗೋಡೆ ಪೆಡಸಾಗುವಾಗಲೂ ಹಾಗೆಯೇ. ಸಣ್ಣ ನಾಳದಲ್ಲಿ ಅರ್ಧ ಜಾಗ ಹೋದರೆ ಕೆಲಸ ಕೆಡುತ್ತದೆ. ದೊಡ್ಡ ನಾಳದಲ್ಲಿ ಅಷ್ಟೇ ಕೊಬ್ಬು ಕಟ್ಟಿದ್ದರೂ ಅದು ಕೆಲವು ವರ್ಷ ಸದ್ದಿಲ್ಲದೆ ಇರುತ್ತದೆ.

ಆ ಕೆಲವು ವರ್ಷ ಎಂದರೆ ಎಷ್ಟು ಎಂಬುದಕ್ಕೂ ಒಂದು ಅಂದಾಜು ಇದೆ. ಇಟಲಿಯ ಮಿಲಾನ್ ನಗರದಲ್ಲಿ ಎದೆನೋವಿನಿಂದ ಆಸ್ಪತ್ರೆಗೆ ಬಂದು, ಆಂಜಿಯೋಗ್ರಾಂನಲ್ಲಿ ಹೃದಯನಾಳದ ಕಾಯಿಲೆ ಖಚಿತವಾದ 300 ಗಂಡಸರನ್ನು ವೈದ್ಯರು ಮಾತಾಡಿಸಿದರು. 2003ರಲ್ಲಿ ಪ್ರಕಟವಾದ ಅಧ್ಯಯನ ಅದು. ಸುಮಾರು ಅರ್ಧದಷ್ಟು ಜನಕ್ಕೆ ನಿಮಿರು ತೊಂದರೆ ಇತ್ತು. ಆ ಅರ್ಧದಲ್ಲಿ ಮೂರರಲ್ಲಿ ಎರಡು ಪಾಲು ಜನಕ್ಕೆ ತೊಂದರೆ ಶುರುವಾದದ್ದು ಎದೆನೋವಿಗಿಂತ ಮುಂಚೆ, ಸರಾಸರಿ ಮೂರು ವರ್ಷಕ್ಕೂ ಸ್ವಲ್ಪ ಹೆಚ್ಚು ಮುಂಚೆ. ನೆನಪಿನ ಮೇಲೆ ಹೇಳಿದ ಲೆಕ್ಕವಾದ್ದರಿಂದ ಅದನ್ನು ತಿಂಗಳು ತಿಂಗಳಿಗೆ ಹಿಡಿಯಬಾರದು. ಆದರೆ 2005ರಲ್ಲಿ ಪ್ರಕಟವಾದ, ಅಮೆರಿಕದ ಸಾವಿರಾರು ಗಂಡಸರನ್ನು ವರ್ಷಗಟ್ಟಲೆ ಹಿಂಬಾಲಿಸಿದ ಇನ್ನೊಂದು ಅಧ್ಯಯನವೂ ಇದೇ ದಿಕ್ಕನ್ನೇ ತೋರಿಸಿತು. ಹೊಸದಾಗಿ ಈ ತೊಂದರೆ ಬಂದವರಿಗೆ ಮುಂದೆ ಹೃದಯದ ಕಾಯಿಲೆ ಬರುವ ಅಪಾಯ, ಸಿಗರೇಟು ಸೇದುವುದರಿಂದಲೋ ಮನೆತನದಲ್ಲಿ ಹೃದಯಾಘಾತ ಇರುವುದರಿಂದಲೋ ಬರುವಷ್ಟೇ ಆಗಿತ್ತು.

ಮೂರು ವರ್ಷ ಬಹಳ ದೊಡ್ಡ ಅವಧಿ. ಬಿ.ಪಿ. ಹತೋಟಿಗೆ ಬರಲು ವಾರಗಳು ಸಾಕು, ಕೊಲೆಸ್ಟ್ರಾಲ್ ಇಳಿಯಲು ಒಂದೆರಡು ತಿಂಗಳು ಸಾಕು. ನಮ್ಮ ಜನಕ್ಕೆ ಈ ಕಾಲಾವಕಾಶ ಇನ್ನೂ ಮುಖ್ಯ. ದಕ್ಷಿಣ ಏಷ್ಯಾದವರಿಗೆ ಮೊದಲ ಹೃದಯಾಘಾತ ಬರುವ ವಯಸ್ಸು ಬೇರೆಯವರಿಗಿಂತ ಐದಾರು ವರ್ಷ ಕಡಿಮೆ ಎಂದು ಹಲವು ದೇಶಗಳನ್ನು ಹೋಲಿಸಿ ನೋಡಿದ ಅಧ್ಯಯನ ತೋರಿಸಿದೆ. ಹಾಗಾಗಿ ನಲವತ್ತೈದರ ಗಂಡಸಿಗೆ ಈ ತೊಂದರೆ ಬಂದರೆ ವಯಸ್ಸಾಯಿತು ಬಿಡಿ ಎಂದು ಯಾರೂ ಹೇಳಬಾರದು. ವಯಸ್ಸು ಕಡಿಮೆ ಇದ್ದಷ್ಟೂ ಈ ಸೂಚನೆಗೆ ತೂಕ ಹೆಚ್ಚು. ಎಪ್ಪತ್ತು ದಾಟಿದವರಲ್ಲಿ ಅದು ಬಹಳ ಸಾಮಾನ್ಯವಾದ್ದರಿಂದ ಹೃದಯದ ಬಗ್ಗೆ ಹೊಸದಾಗಿ ಹೆಚ್ಚೇನೂ ಹೇಳುವುದಿಲ್ಲ.

ಈ ತೊಂದರೆ ಇರುವವರೆಲ್ಲ ಹೃದ್ರೋಗಿಗಳು ಎಂದು ದಯವಿಟ್ಟು ತಿಳಿಯಬೇಡಿ. ಮನಸ್ಸಿನ ಕಾರಣಕ್ಕೆ ಬರುವ ತೊಂದರೆಯೂ ಇದೆ, ಅದನ್ನು ಗುರುತಿಸಲು ಒಂದೆರಡು ದಾರಿಗಳಿವೆ. ಆರೋಗ್ಯವಂತ ಗಂಡಸಿಗೆ ಬೆಳಗಿನ ಜಾವ ಎಚ್ಚರವಾದಾಗ ತಾನಾಗಿ ನಿಮಿರಿರುವುದುಂಟು. ಅದು ಮೊದಲಿನಂತೆಯೇ ಇದ್ದು, ಹೆಂಡತಿಯ ಜೊತೆ ಇರುವಾಗ ಮಾತ್ರ ತೊಂದರೆ, ಅದೂ ಸಾಲದ ಚಿಂತೆಯೋ ಜಗಳವೋ ಆದಮೇಲೆ ಇದ್ದಕ್ಕಿದ್ದಂತೆ ಶುರುವಾಯಿತು ಎಂದರೆ, ನಾಳಗಳು ಬಹುಮಟ್ಟಿಗೆ ಚೆನ್ನಾಗಿವೆ ಎಂದರ್ಥ. ಬೆಳಗಿನದೂ ಕ್ರಮೇಣ ಇಲ್ಲವಾಗಿ, ವರ್ಷದಿಂದ ವರ್ಷಕ್ಕೆ ಬಿಗಿ ಕಡಿಮೆಯಾಗುತ್ತಾ, ಎಲ್ಲ ಸಂದರ್ಭದಲ್ಲೂ ಹಾಗೇ ಆದರೆ ಅದು ರಕ್ತನಾಳದ ಕಡೆ ಬೆರಳು ತೋರಿಸುತ್ತದೆ. ಸಕ್ಕರೆ ಕಾಯಿಲೆಯಲ್ಲಿ ನಾಳ, ನರ ಎರಡೂ ಕೆಡುತ್ತವೆ. ಕುಡಿತ, ಖಿನ್ನತೆ, ಹಾರ್ಮೋನಿನ ಕೊರತೆ, ಪ್ರಾಸ್ಟೇಟ್ ಶಸ್ತ್ರಚಿಕಿತ್ಸೆ ಇವೂ ಕಾರಣವಾಗಬಹುದು. ಎಷ್ಟೋ ಸಲ ಎರಡು ಮೂರು ಕಾರಣ ಒಟ್ಟಿಗೇ ಇರುತ್ತವೆ. ಆದ್ದರಿಂದ ಮನಸ್ಸಿನದೇ ಎಂದು ನೀವೇ ತೀರ್ಮಾನಿಸಿ ಸುಮ್ಮನಾಗುವುದು ಬೇಡ.

ನನ್ನ ಹತ್ತಿರ ಬಂದ ಒಬ್ಬರ ವಿಷಯ ಹೇಳುತ್ತೇನೆ. ಗುರುತು ಸಿಗದಂತೆ ಕಸುಬು, ವಿವರ ಕೊಂಚ ಬದಲಿಸಿದ್ದೇನೆ. ನಲವತ್ತಾರು ವರ್ಷ, ಅಡಿಕೆ ಮಂಡಿಯಲ್ಲಿ ಲೆಕ್ಕ ಬರೆಯುವವರು. ಗ್ಯಾಸ್ಟ್ರಿಕ್ ಎಂದು ಬಂದರು. ಹೊಟ್ಟೆ ಮುಟ್ಟಿ ನೋಡಿದ್ದಾಯಿತು, ಚೀಟಿ ಬರೆದದ್ದಾಯಿತು, ಚೀಟಿ ಮಡಿಚಿ ಜೇಬಿಗೆ ಹಾಕಿಕೊಂಡವರು ಎದ್ದು ಹೋಗಲಿಲ್ಲ. ಶರಟಿನ ಗುಂಡಿ ತಿರುವುತ್ತಾ, “ಸಾರ್, ಇನ್ನೊಂದು ವೀಕ್ನೆಸ್ ಇದೆ, ಅದಕ್ಕೂ ಒಂದು ಟಾನಿಕ್ ಬರೆದುಬಿಡಿ” ಎಂದರು. ಎಷ್ಟು ದಿನದಿಂದ ಎಂದು ಕೇಳಿದೆ. ಒಂದೂವರೆ ವರ್ಷ. ಬೆಳಗಿನ ಹೊತ್ತು? ಅದೂ ಇಲ್ಲ. ಮೆಡಿಕಲ್ ಶಾಪಿನಿಂದ ಯಾರೋ ಹೇಳಿದ ಮಾತ್ರೆ ತಂದು ನಾಲ್ಕಾರು ಸಲ ನುಂಗಿದ್ದರು. ಮೊದಮೊದಲು ಪ್ರಯೋಜನವಾಗಿತ್ತು, ಆಮೇಲೆ ಅದೂ ಅಷ್ಟಕ್ಕಷ್ಟೇ.

ಬಿ.ಪಿ. 162/100 ಇತ್ತು. ಐದು ನಿಮಿಷ ಸುಮ್ಮನೆ ಕೂರಿಸಿ ಮತ್ತೆ ನೋಡಿದಾಗ 156/98. ಒಂದು ದಿನದ ಅಳತೆಗೆ ಮಾತ್ರೆ ಶುರು ಮಾಡುವ ಬದಲು ಒಂದು ವಾರ ಮನೆಯಲ್ಲಿ ಬೆಳಿಗ್ಗೆ ಸಂಜೆ ನೋಡಿ ಬರೆದಿಡಲು ಹೇಳಿದೆ. ಲೆಕ್ಕ ಬರೆಯುವ ಕೈ, ಅಚ್ಚುಕಟ್ಟಾಗಿ ಗೆರೆ ಹಾಕಿ ತಂದರು, ಒಂದು ದಿನವೂ 145ಕ್ಕಿಂತ ಕೆಳಗೆ ಇರಲಿಲ್ಲ. ಸೊಂಟದ ಸುತ್ತಳತೆ 99 ಸೆಂಟಿಮೀಟರ್. ನಮ್ಮ ಗಂಡಸರಿಗೆ 90 ದಾಟಬಾರದು. ಖಾಲಿ ಹೊಟ್ಟೆಯ ಸಕ್ಕರೆ 118, ಅಂದರೆ ಸಕ್ಕರೆ ಕಾಯಿಲೆಯ ಹೊಸ್ತಿಲು. ಕೆಟ್ಟ ಕೊಲೆಸ್ಟ್ರಾಲ್ ಎನ್ನುವ ಎಲ್‌ಡಿಎಲ್ 148. ದಿನಕ್ಕೆ ಏಳೆಂಟು ಸಿಗರೇಟು. ಮಲಗಿಸಿ ತೆಗೆದ ಇಸಿಜಿ ಮಾತ್ರ ಪೂರ್ತಿ ಸರಿಯಾಗಿತ್ತು.

ಇಸಿಜಿ ಸರಿ ಇದೆ ಎಂದು ನಮ್ಮಲ್ಲಿ ಬಹಳ ಜನ ನಿಶ್ಚಿಂತರಾಗಿ ಮನೆಗೆ ಹೋಗುತ್ತಾರೆ. ಮಲಗಿದ್ದಾಗ ಹೃದಯಕ್ಕೆ ಬೇಕಾದ ರಕ್ತ ಕಡಿಮೆ, ನಾಳ ಕಿರಿದಾಗಿದ್ದರೂ ಅಷ್ಟು ಸಿಕ್ಕಿಬಿಡುತ್ತದೆ. ಕೆಲಸ ಕೊಟ್ಟು ನೋಡಬೇಕು. ಇವರಿಗೆ ಟಿ.ಎಂ.ಟಿ. ಮಾಡಿಸಿದೆವು. ಯಂತ್ರದ ಮೇಲೆ ನಡೆಯುತ್ತಾ ಮೂರನೇ ಹಂತಕ್ಕೆ ಬಂದಾಗ ಇಸಿಜಿಯ ಗೆರೆ ಕೆಳಗಿಳಿಯಿತು, ಅವರೂ ಎದೆಯ ಮೇಲೆ ಕೈಯಿಟ್ಟು, “ಇಲ್ಲೇ ಸಾರ್, ಗ್ಯಾಸ್ಟ್ರಿಕ್ ಬರೋದು” ಎಂದರು. ಮಂಡಿಯ ಮೆಟ್ಟಿಲು ಹತ್ತುವಾಗ ಬರುತ್ತಿದ್ದ ಹಿಡಿತವನ್ನು ಅವರು ಗ್ಯಾಸ್ ಎಂದುಕೊಂಡಿದ್ದರು. ಆಂಜಿಯೋಗ್ರಾಂನಲ್ಲಿ ಹೃದಯದ ಮುಂಭಾಗದ ಮುಖ್ಯ ನಾಳದ ನಡುವೆ ಶೇಕಡಾ 60ರಷ್ಟು ಕಿರಿದಾಗಿರುವುದು ಕಂಡಿತು. ಹೃದ್ರೋಗ ತಜ್ಞರು ಆ ಜಾಗದಲ್ಲಿ ರಕ್ತದ ಹರಿವನ್ನೂ ಅಳೆದು, ಸ್ಟೆಂಟ್ ಸದ್ಯಕ್ಕೆ ಬೇಡ, ಮಾತ್ರೆ ಸಾಕು ಎಂದರು. ಬಿ.ಪಿ.ಗೆ ಟೆಲ್ಮಿಸಾರ್ಟನ್, ಕೊಲೆಸ್ಟ್ರಾಲಿಗೆ ಸ್ಟಾಟಿನ್, ಜೊತೆಗೆ ಆಸ್ಪಿರಿನ್. ಸಿಗರೇಟು ಬಿಡಬೇಕು, ದಿನಾ ಬೆವರು ಬರುವಷ್ಟು ನಡೆಯಬೇಕು. ಇದು ಅವರೊಬ್ಬರಿಗೆ ಬರೆದ ಚೀಟಿ, ರೇಡಿಯೋದಲ್ಲಿ ಕೇಳಿ ನೀವು ಕೊಂಡು ನುಂಗಬೇಡಿ.

ಮುಂದಿನ ಸಲ ಅವರ ಹೆಂಡತಿಯೂ ಬಂದಿದ್ದರು. “ಡಾಕ್ಟ್ರೇ, ಇವ್ರಿಗೆ ನನ್ನ ಮೇಲೆ ಮನಸ್ಸು ಹೋಯ್ತು ಅಂದ್ಕೊಂಡಿದ್ದೆ. ಒಂದು ವರ್ಷ ಬೇರೆ ಕೋಣೇಲಿ ಮಲಗಿದೀನಿ. ಹೃದಯದ್ದು ಅಂತ ನಂಗೇನು ಗೊತ್ತು?” ಎಂದರು. ಅವರ ಗಂಡ ಅಂದು ತಲೆ ತಗ್ಗಿಸಿಯೇ ಕೂತಿದ್ದರು, ಆದರೆ ಹೆಂಡತಿ ಬಂದ ಮೇಲೆ ಮಾತ್ರೆ ಒಂದು ದಿನವೂ ತಪ್ಪಲಿಲ್ಲ. ವರ್ಷದ ಕೊನೆಗೆ ಬಿ.ಪಿ. 126/78, ಎಲ್‌ಡಿಎಲ್ 58, ತೂಕ ಏಳು ಕಿಲೋ ಕಡಿಮೆ. ಸಿಗರೇಟು ಬಿಟ್ಟಿದ್ದರು. ನಿಮಿರು ತೊಂದರೆ ಪೂರ್ತಿ ಹೋಗಿರಲಿಲ್ಲ, ಆದರೆ ಬಹುಪಾಲು ಸುಧಾರಿಸಿತ್ತು, ಯಾವಾಗಲಾದರೊಮ್ಮೆ ನಾನೇ ಬರೆದುಕೊಟ್ಟ ಮಾತ್ರೆ ಸಾಕಾಗುತ್ತಿತ್ತು. ಎಲ್ಲರಿಗೂ ಇಷ್ಟು ಸುಧಾರಿಸುತ್ತದೆ ಎಂದು ನಾನು ಮಾತು ಕೊಡಲಾರೆ. ಇಟಲಿಯ ನೇಪಲ್ಸ್‌ನಲ್ಲಿ ಈ ತೊಂದರೆ ಇದ್ದ ಸ್ಥೂಲಕಾಯದ ಗಂಡಸರಿಗೆ ಎರಡು ವರ್ಷ ಊಟ ಮತ್ತು ವ್ಯಾಯಾಮದ ಕ್ರಮ ಹಿಡಿಸಿ ನೋಡಿದಾಗ, ಔಷಧಿಯಿಲ್ಲದೆ ಮೊದಲಿನಂತಾದವರು ಸುಮಾರು ಮೂರರಲ್ಲಿ ಒಬ್ಬರು. ಉಳಿದವರಿಗೂ ಹೃದಯದ ಮಟ್ಟಿಗೆ ಆ ಶ್ರಮ ವ್ಯರ್ಥವಲ್ಲ.

ಇನ್ನು ರಕ್ತದೊತ್ತಡದ ಬಗ್ಗೆ. ಬಿ.ಪಿ. ಹೆಚ್ಚಿದ್ದರೆ ಏನೂ ಗೊತ್ತಾಗುವುದಿಲ್ಲ, ತಲೆನೋವೂ ಬರಬೇಕೆಂದಿಲ್ಲ. ವರ್ಷಗಟ್ಟಲೆ ಆ ಒತ್ತಡ ನಾಳದ ಒಳಪದರವನ್ನು ತಿಕ್ಕುತ್ತದೆ, ಅದು ಬಿಡುವ ನೈಟ್ರಿಕ್ ಆಕ್ಸೈಡ್ ಕಡಿಮೆಯಾಗುತ್ತದೆ, ಗೋಡೆ ದಪ್ಪವಾಗುತ್ತದೆ. ಹಾಗಾಗಿ ಎಷ್ಟೋ ಗಂಡಸರಿಗೆ ಅಧಿಕ ಬಿ.ಪಿ.ಯ ಮೊದಲ ಲಕ್ಷಣ ಹಾಸಿಗೆಯಲ್ಲೇ ಕಾಣುತ್ತದೆ. ಮಾತ್ರೆ ಶುರು ಮಾಡಿದ ಮೇಲೆ ಅವರು ಬಂದು, “ಸಾರ್, ಈ ಬಿ.ಪಿ. ಮಾತ್ರೆಯಿಂದಲೇ ಹೀಗಾಯಿತು” ಎನ್ನುತ್ತಾರೆ. ಹಾಗೆಂದು ಮಾತ್ರೆ ಬಿಟ್ಟವರು ಪಾರ್ಶ್ವವಾಯುವಾಗಿ ಬಂದದ್ದನ್ನು ನಾನು ನೋಡಿದ್ದೇನೆ.

ಅವರ ಮಾತಿನಲ್ಲಿ ಸ್ವಲ್ಪ ಸತ್ಯವಿದೆ. ಹಳೆಯ ಬೀಟಾ ಬ್ಲಾಕರ್ ಮಾತ್ರೆಗಳು, ಹೆಚ್ಚು ಮೂತ್ರ ಹೋಗಿಸುವ ಥಯಜೈಡ್ ಮಾತ್ರೆಗಳು ಕೆಲವರಲ್ಲಿ ಈ ತೊಂದರೆ ತರಬಹುದು. ಆದರೆ ಅದರಲ್ಲಿ ಭಯದ ಪಾಲು ಎಷ್ಟು ಎಂಬುದನ್ನು ಇಟಲಿಯ ವೈದ್ಯರು 2003ರಲ್ಲಿ ಬಹಳ ಸೊಗಸಾಗಿ ತೋರಿಸಿದರು. ಮೊದಲು ಈ ತೊಂದರೆ ಇರದಿದ್ದ 96 ಗಂಡಸರಿಗೆ ಅಟೆನಲಾಲ್ ಎಂಬ ಬೀಟಾ ಬ್ಲಾಕರ್ ಮಾತ್ರೆಯನ್ನೇ ಮೂರು ತಿಂಗಳು ಕೊಟ್ಟರು. ಮೂರನೇ ಒಂದು ಪಾಲು ಜನಕ್ಕೆ ಯಾವ ಮಾತ್ರೆ ಎಂದೇ ಹೇಳಲಿಲ್ಲ, ಅವರಲ್ಲಿ ತೊಂದರೆ ಹೇಳಿದವರು ನೂರಕ್ಕೆ ಮೂವರು. ಇನ್ನೊಂದು ಪಾಲಿಗೆ ಮಾತ್ರೆಯ ಹೆಸರು ಮಾತ್ರ ಹೇಳಿದರು, ಅವರಲ್ಲಿ ನೂರಕ್ಕೆ ಹದಿನಾರರಷ್ಟು. ಈ ಮಾತ್ರೆಯಿಂದ ನಿಮಿರು ತೊಂದರೆ ಬರಬಹುದು ಎಂದು ಬಿಡಿಸಿ ಹೇಳಿದವರಲ್ಲಿ ನೂರಕ್ಕೆ ಮೂವತ್ತೊಂದು. ಮಾತ್ರೆ ಒಂದೇ, ಬೇರೆಯಾದದ್ದು ಕಿವಿಗೆ ಬಿದ್ದ ಮಾತು.

ಆದ್ದರಿಂದ ನಾನು ಹೇಳುವುದಿಷ್ಟು. ಮಾತ್ರೆಯಿಂದಲೇ ಆಯಿತು ಎಂದು ಅನುಮಾನವಿದ್ದರೆ ಬಂದು ಹೇಳಿ, ಬದಲಿಸಲು ಬೇರೆ ಮಾತ್ರೆಗಳಿವೆ. ಹೆಸರಿನ ಕೊನೆಗೆ ಸಾರ್ಟನ್ ಎಂದು ಬರುವ ಮಾತ್ರೆಗಳು ಈ ವಿಷಯದಲ್ಲಿ ತೊಂದರೆ ಕೊಡುವುದಿಲ್ಲ, ಬೀಟಾ ಬ್ಲಾಕರ್ ಬೇಕೇ ಬೇಕಾದವರಿಗೆ ನೆಬಿವೊಲಾಲ್ ಇದೆ. ನೀವಾಗಿ ಮಾತ್ರ ನಿಲ್ಲಿಸಬೇಡಿ. ಬೀಟಾ ಬ್ಲಾಕರನ್ನು ದಿಢೀರನೆ ನಿಲ್ಲಿಸಿದರೆ ಎದೆನೋವು ಕೆರಳಬಹುದು.

ವೈದ್ಯರ ಹತ್ತಿರ ಹೇಳುವುದು ಹೇಗೆ ಎಂಬುದೇ ಬಹಳ ಜನಕ್ಕೆ ದೊಡ್ಡ ತಡೆ. “ಡಾಕ್ಟ್ರೇ, ಹೆಂಡತಿ ಜೊತೆ ಇರುವಾಗ ಗಟ್ಟಿ ಬರ್ತಿಲ್ಲ, ಆರು ತಿಂಗಳಾಯ್ತು” ಎಂದರೆ ಸಾಕು. ಅಷ್ಟರಲ್ಲಿ ಎಲ್ಲ ಬಂತು. ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಬಿ.ಪಿ., ಸಕ್ಕರೆ ಎರಡನ್ನೂ ದುಡ್ಡಿಲ್ಲದೆ ನೋಡುತ್ತಾರೆ. ಕೊಲೆಸ್ಟ್ರಾಲ್ ಪರೀಕ್ಷೆ, ಬೇಕಾದರೆ ಬೆಳಗಿನ ಹೊತ್ತು ಟೆಸ್ಟೊಸ್ಟೆರಾನ್ ಪರೀಕ್ಷೆ, ಆಮೇಲೆ ವೈದ್ಯರು ಹೇಳಿದರೆ ಟಿ.ಎಂ.ಟಿ. ಆಂಜಿಯೋಗ್ರಾಂ ಎಲ್ಲರಿಗೂ ಬೇಕಾಗುವುದಿಲ್ಲ, ಕೇಳಿದ ಕೂಡಲೇ ಅದಕ್ಕೆ ಬರೆದುಕೊಟ್ಟರೆ ಏಕೆ ಎಂದು ವಿಚಾರಿಸಿ. ನನ್ನ ವೈದ್ಯ ಮಿತ್ರರಿಗೂ ಒಂದು ಮಾತು: ಬಿ.ಪಿ.ಗೆ ಬಂದ ಗಂಡಸಿಗೆ ಈ ಪ್ರಶ್ನೆಯನ್ನು ನಾವೇ ಕೇಳಬೇಕು. ಇಂಗ್ಲೆಂಡಿನ ವೈದ್ಯರು ಹೃದಯದ ಅಪಾಯವನ್ನು ಲೆಕ್ಕ ಹಾಕಲು ಬಳಸುವ ಸೂತ್ರದಲ್ಲಿ 2017ರಿಂದ ಸಿಗರೇಟು, ಸಕ್ಕರೆಯ ಜೊತೆಗೆ ಈ ತೊಂದರೆಯನ್ನೂ ಸೇರಿಸಿದ್ದಾರೆ.

ಕೊನೆಯದಾಗಿ, ಜೀವಕ್ಕೆ ಸಂಬಂಧಿಸಿದ ಒಂದು ಎಚ್ಚರಿಕೆ. ಎದೆನೋವು ಬಂದರೆ ನಾಲಿಗೆಯ ಕೆಳಗೆ ಸಾರ್ಬಿಟ್ರೇಟ್ ಇಡಬೇಕೆಂದು ನಮ್ಮ ಮನೆಗಳಲ್ಲಿ ಎಲ್ಲರಿಗೂ ಗೊತ್ತು. ಅದು ನೈಟ್ರೇಟ್ ಜಾತಿಯ ಔಷಧಿ. ಸಿಲ್ಡೆನಾಫಿಲ್ ಅಥವಾ ಟಡಾಲಾಫಿಲ್ ನುಂಗಿದವರ ಮೈಗೆ ಅದು ಸೇರಿದರೆ ಬಿ.ಪಿ. ಪಾತಾಳಕ್ಕೆ ಇಳಿದು ಪ್ರಾಣವೇ ಹೋಗಬಹುದು. ಸಿಲ್ಡೆನಾಫಿಲ್ ಆದರೆ 24 ಗಂಟೆ, ಟಡಾಲಾಫಿಲ್ ಆದರೆ 48 ಗಂಟೆ ನೈಟ್ರೇಟ್ ಕೊಡುವಂತಿಲ್ಲ. ಬರೀ ಬೇರು ನಾರು ಎಂದು ಮಾರುವ ಪುಡಿ, ಲೇಹ್ಯಗಳಲ್ಲೂ ಸಿಲ್ಡೆನಾಫಿಲ್ ಬೆರೆಸಿರುವುದನ್ನು ಹಲವು ದೇಶಗಳ ಔಷಧ ನಿಯಂತ್ರಕರು ಪತ್ತೆ ಮಾಡಿದ್ದಾರೆ, ಅದನ್ನು ತಿಂದವರಿಗೆ ತಾವೇನು ತಿಂದೆವೆಂದೇ ಗೊತ್ತಿರುವುದಿಲ್ಲ. ದಿನವೂ ನೈಟ್ರೇಟ್ ತೆಗೆದುಕೊಳ್ಳುವ ಹೃದ್ರೋಗಿಗಳು ಈ ಮಾತ್ರೆಗಳನ್ನು ಮುಟ್ಟಲೇಬಾರದು. ಯಾವುದೇ ಗಂಡಸಿಗೆ ಎದೆನೋವು ಬಂದು 108ಕ್ಕೆ ಫೋನ್ ಮಾಡಿದರೆ, ಆಂಬುಲೆನ್ಸಿನವರು ಬಂದ ಕೂಡಲೇ, ಆಸ್ಪತ್ರೆ ಮುಟ್ಟಿದ ಮೇಲೆ ಇನ್ನೊಮ್ಮೆ, ಅಂಥ ಮಾತ್ರೆ ಅಥವಾ ಲೇಹ್ಯ ಏನಾದರೂ ತೆಗೆದುಕೊಂಡಿದ್ದಾರೆಯೇ, ಯಾವಾಗ ತೆಗೆದುಕೊಂಡರು ಎಂಬುದನ್ನು ಹೇಳಿ. ಅಲ್ಲಿ ಯಾರೂ ನಿಮ್ಮನ್ನು ನೋಡಿ ನಗುವುದಿಲ್ಲ. ಅವರಿಗೆ ಆ ಕ್ಷಣದಲ್ಲಿ ಬೇಕಾಗಿರುವುದು ಮಾತ್ರೆಯ ಹೆಸರು ಮತ್ತು ನುಂಗಿದ ಹೊತ್ತು.